ಪಕ್ಕೆ ಒಡೆದ ಟೈರು ಮತ್ತು ಒಂದು ದೂರಿನ ಪತ್ರ

ಡೆಲಿವರಿ ವ್ಯಾನಿನ ಟೈರಿನ ಪಕ್ಕೆಯಲ್ಲಿ ಗುಳ್ಳೆ ಎದ್ದಿತೆಂದು ಅಂಗಡಿಗೆ ಒಯ್ದರೆ ಸಿಗುವ ಮೊದಲ ಉತ್ತರ ಸಾಮಾನ್ಯವಾಗಿ ಒಂದೇ: "ಗುಂಡಿಗೆ ಬಿಟ್ಟಿರ್ತೀರ ಸರ್, ಇದು ಕ್ಲೇಮಿಗೆ ಬರಲ್ಲ." ಬಹಳ ಸಲ ಈ ಮಾತು ನಿಜವೂ ಹೌದು. ಆದ್ದರಿಂದಲೇ ಟೈರುಗಳಲ್ಲೇ ದೋಷವಿದ್ದಾಗ ಅದನ್ನು ಒಪ್ಪಿಸುವುದು ಕಷ್ಟ. ವ್ಯಾನುಗಳ ಉಸ್ತುವಾರಿ ನೋಡಿಕೊಳ್ಳುವ ಮ್ಯಾನೇಜರ್ ಸಿಟ್ಟಿನಲ್ಲಿ "ನಿಮ್ಮ ಮಾಲು ಕಳಪೆ" ಎಂದು ಬರೆದರೆ ಆ ಪತ್ರ ಫೈಲಿಗೆ ಹೋಗುತ್ತದೆ, ಅಷ್ಟೆ. ಗುಂಡಿಯ ಪ್ರಶ್ನೆಗೆ ಮುಂಚಿತವಾಗಿಯೇ ಉತ್ತರ ಕೊಡುವ ಪತ್ರವನ್ನು ಮಾತ್ರ ಹಾಗೆ ಬದಿಗಿಡಲಾಗದು.

ಟೈರಿನಲ್ಲಿ ನೆಲಕ್ಕೆ ತಾಗುವ ಭಾಗ ದಪ್ಪ, ಅದರಡಿ ಉಕ್ಕಿನ ತಂತಿಯ ಪಟ್ಟಿಗಳಿರುತ್ತವೆ. ಪಕ್ಕೆ ಹಾಗಲ್ಲ. ಸಣ್ಣ ವ್ಯಾನಿನ ರೇಡಿಯಲ್ ಟೈರಿನ ಪಕ್ಕೆಯಲ್ಲಿ ಇರುವುದು ತೆಳುವಾದ ರಬ್ಬರು ಮತ್ತು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹಾದುಹೋಗುವ ನೂಲಿನ ಎಳೆಗಳು. ಒಳಗಿನ ಗಾಳಿಯ ಒತ್ತಡವನ್ನು ತಡೆದು ಹಿಡಿಯುವುದು ಆ ಎಳೆಗಳೇ. ಎಳೆ ತುಂಡಾದ ಕಡೆ ಗಾಳಿ ರಬ್ಬರನ್ನು ಹೊರಕ್ಕೆ ದೂಡುತ್ತದೆ, ಗುಳ್ಳೆ ಏಳುತ್ತದೆ. ಚಕ್ರ ಉರುಳುವಾಗ ಪಕ್ಕೆ ಪ್ರತಿ ಸುತ್ತಿಗೂ ಮಡಚಿ ಬಿಚ್ಚುವುದರಿಂದ ಅಲ್ಲಿ ಹಾಕಿದ ಪ್ಯಾಚ್ ನಿಲ್ಲುವುದಿಲ್ಲ. ಪಕ್ಕೆ ಹೋದರೆ ಟೈರು ಹೋದಂತೆ.

ಕಾರಣ ಯಾವುದೆಂದು ಹೊರಗಿನಿಂದ ತಿಳಿಯದು, ರಿಮ್‌ನಿಂದ ಬಿಚ್ಚಿ ಒಳಗೆ ನೋಡಬೇಕು. ಗುಂಡಿಯ ಏಟಾಗಿದ್ದರೆ ಒಳಮೈಯಲ್ಲಿ ಸೀಳು ಕಾಣುತ್ತದೆ, ಒಳಗಿನ ಎಳೆಗಳು ತುಂಡಾಗಿರುತ್ತವೆ. ರಿಮ್ಮಿಗೂ ಕಲ್ಲಿಗೂ ನಡುವೆ ಟೈರು ಸಿಕ್ಕಿ ಜಜ್ಜಿದ್ದರೆ ಒಂದರ ನೇರಕ್ಕೆ ಇನ್ನೊಂದು ಗಾಯವಿರುತ್ತದೆ, ರಿಮ್ಮಿನ ತುಟಿಯೂ ಅದೇ ಜಾಗದಲ್ಲಿ ಬಾಗಿರುತ್ತದೆ. ಗಾಳಿ ಕಡಿಮೆಯಿಟ್ಟು ಓಡಿಸಿದ್ದರೆ ಒಳಗೆ ಸುತ್ತಲೂ ಕಪ್ಪು ಬಳೆಯಂತೆ ಗೆರೆ ಬಿದ್ದಿರುತ್ತದೆ, ಬಿಚ್ಚುವಾಗ ರಬ್ಬರಿನ ಪುಡಿ ಉದುರುತ್ತದೆ. ಕಾರ್ಖಾನೆಯ ದೋಷದ ಚಹರೆ ಬೇರೆ. ಗುಳ್ಳೆ ಇರುತ್ತದೆ, ಆದರೆ ಏಟಿನ ಗುರುತಿರುವುದಿಲ್ಲ. ಕೊಯ್ದು ನೋಡಿದರೆ ಎಳೆಗಳು ತುಂಡಾಗದೆ, ರಬ್ಬರಿನಿಂದ ಬಿಟ್ಟುಕೊಂಡು ನುಣ್ಣಗೆ, ಬೆತ್ತಲಾಗಿ ನಿಂತಿರುತ್ತವೆ. ರಬ್ಬರೂ ನೂಲೂ ಸರಿಯಾಗಿ ಅಂಟಲಿಲ್ಲ ಎಂಬುದಕ್ಕೆ ಇದೇ ಸಾಕ್ಷಿ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಬೆಂಗಳೂರಿನ ಒಂದು ಗೋದಾಮಿನಲ್ಲಿ 20 ಸಣ್ಣ ವ್ಯಾನುಗಳಿವೆ, ಓಡುವ ಚಕ್ರ 80. ಅದರಲ್ಲಿ 40 ಚಕ್ರಕ್ಕೆ ಒಂದೇ ಸಲ ಖರೀದಿಸಿದ ಹೊಸ ಟೈರುಗಳನ್ನು ಹಾಕಿದ್ದಾರೆ. ಉಳಿದ 40ರಲ್ಲಿ ಅದೇ ಕಂಪನಿಯ, ಅದೇ ಅಳತೆಯ ಹಳೆಯ ಟೈರುಗಳಿವೆ. ಆರು ತಿಂಗಳಲ್ಲಿ ಹೊಸ ಟೈರುಗಳ ಪೈಕಿ ಒಂಬತ್ತರ ಪಕ್ಕೆ ಹೋಗುತ್ತದೆ. ಮ್ಯಾನೇಜರ್ ಬರೆಯುವ ಪತ್ರದ ಮುಖ್ಯ ಭಾಗ ಹೀಗಿರಬೇಕು:

"ಮಾನ್ಯರೇ, ತಮ್ಮಿಂದ ಖರೀದಿಸಿದ 145 ಆರ್ 12 ಅಳತೆಯ 40 ಟೈರುಗಳಲ್ಲಿ ಒಂಬತ್ತರ ಪಕ್ಕೆ 8,000ದಿಂದ 13,000 ಕಿ.ಮೀ. ಒಳಗೆ ಹಾಳಾಗಿದೆ. ಇವುಗಳಲ್ಲಿ ಎರಡರ ರಿಮ್ ಬಾಗಿದ್ದು, ಏಟಿನ ಗುರುತು ಸ್ಪಷ್ಟವಾಗಿದೆ. ಆ ಎರಡಕ್ಕೆ ನಾವು ಪರಿಹಾರ ಕೇಳುತ್ತಿಲ್ಲ. ಉಳಿದ ಏಳರಲ್ಲಿ ಏಟಿನ ಗುರುತಾಗಲಿ, ಗಾಳಿ ಕಡಿಮೆಯಾದ ಗೆರೆಯಾಗಲಿ ಇಲ್ಲ. ಏಳರ ಮೇಲೂ 3124 ಎಂಬ ಒಂದೇ ತಯಾರಿಕಾ ಸಂಖ್ಯೆ ಇದೆ. ನಾಲ್ಕು ಎಡಗಡೆಯವು, ಮೂರು ಬಲಗಡೆಯವು. ಆರು ವ್ಯಾನುಗಳಲ್ಲಿ, ಆರು ಜನ ಡ್ರೈವರುಗಳ ಕೈಯಲ್ಲಿ ಓಡಿದವು. ಅದೇ ವ್ಯಾನುಗಳಲ್ಲಿ, ಅದೇ ರೂಟಿನಲ್ಲಿ ಓಡುತ್ತಿರುವ ತಮ್ಮದೇ ಕಂಪನಿಯ ಹಳೆಯ 40 ಟೈರುಗಳಲ್ಲಿ ಒಂದರ ಪಕ್ಕೆಯೂ ಈ ಅವಧಿಯಲ್ಲಿ ಹೋಗಿಲ್ಲ."

ಇದರಲ್ಲಿ ನನಗೆ ಬಹಳ ಮುಖ್ಯವೆನಿಸುವುದು, ಎರಡು ಟೈರುಗಳನ್ನು ತಾನೇ ಬಿಟ್ಟುಕೊಟ್ಟ ಸಾಲು. ಒಂಬತ್ತಕ್ಕೂ ಹಟ ಹಿಡಿದಿದ್ದರೆ ಕಂಪನಿಯ ಇಂಜಿನಿಯರು ಬಾಗಿದ ಆ ಎರಡು ರಿಮ್ಮುಗಳನ್ನೇ ತೋರಿಸಿ ಇಡೀ ದೂರನ್ನು ತಳ್ಳಿಹಾಕಬಹುದಿತ್ತು. ಎಡ ಬಲದ ಲೆಕ್ಕಕ್ಕೂ ಅರ್ಥವಿದೆ. ನಮ್ಮಲ್ಲಿ ಗಾಡಿ ರಸ್ತೆಯ ಎಡಕ್ಕೆ ನಿಲ್ಲುತ್ತದೆ, ಫುಟ್‌ಪಾತಿನ ಕಲ್ಲಿಗೆ ಉಜ್ಜುವುದು ಎಡಗಡೆಯ ಟೈರು. ಏಳೂ ಎಡಗಡೆಯವೇ ಆಗಿದ್ದರೆ ತಪ್ಪು ಡ್ರೈವರುಗಳದೆಂದು ಯಾರಾದರೂ ಹೇಳುತ್ತಿದ್ದರು. ಇನ್ನು ಹಳೆಯ ಟೈರುಗಳ ಹೋಲಿಕೆ. ಗುಂಡಿಯೂ ಲೋಡೂ ಎರಡಕ್ಕೂ ಒಂದೇ ಆಗಿದ್ದು, ಒಡೆದದ್ದು ಒಂದೇ ಬ್ಯಾಚಾದರೆ, ರಸ್ತೆಯ ಮೇಲೆ ದೂರು ಹೊರಿಸುವುದು ಕಷ್ಟ.

3124 ಎಂದರೆ 2024ನೇ ಇಸವಿಯ 31ನೇ ವಾರ. ಇದು ಪಕ್ಕೆಯ ಮೇಲೆಯೇ ಅಚ್ಚೊತ್ತಿರುತ್ತದೆ, ಆದರೆ ಅನೇಕ ಟೈರುಗಳಲ್ಲಿ ಒಂದು ಬದಿಗೆ ಮಾತ್ರ. ಆ ಬದಿ ಒಳಮುಖವಾಗಿ ಕೂತಿದ್ದರೆ ಗಾಡಿಯಡಿ ಬಗ್ಗಿ, ಟಾರ್ಚ್ ಹಿಡಿದು, ಮಣ್ಣು ಒರೆಸಿ ಓದಬೇಕು. ಎಷ್ಟೋ ದೂರುಗಳಲ್ಲಿ ಈ ನಾಲ್ಕು ಅಂಕಿಯೇ ಇರುವುದಿಲ್ಲ. ಅದಿಲ್ಲದೆ "ಒಂದೇ ಬ್ಯಾಚು" ಎಂಬ ಮಾತಿಗೆ ಆಧಾರವಿಲ್ಲ.

ಮುಂದಿನ ಪ್ರಶ್ನೆ ಲೋಡಿನದು. ಟೈರಿನ ಮೇಲೆ 86 ಎಂದಿದ್ದರೆ ಒಂದು ಟೈರು ಸರಿಯಾದ ಗಾಳಿಯಲ್ಲಿ 530 ಕೆ.ಜಿ. ಹೊರಬಲ್ಲದು, ಹಿಂದಿನ ಎರಡು ಸೇರಿ 1,060. ತುಂಬಿದ ವ್ಯಾನಿನ ಹಿಂಚಕ್ರಗಳನ್ನು ಮಾತ್ರ ವೇಬ್ರಿಡ್ಜ್ ಮೇಲೆ ನಿಲ್ಲಿಸಿ ತೂಗಿಸಿದಾಗ 980 ಕೆ.ಜಿ. ಬಂದರೆ ಆ ಚೀಟಿಯನ್ನು ಪತ್ರಕ್ಕೆ ಲಗತ್ತಿಸಬೇಕು. ಬೆಳಿಗ್ಗೆ ಟೈರು ತಣ್ಣಗಿರುವಾಗ ಗಾಳಿ ನೋಡಿ ಬರೆದಿಟ್ಟ ಪುಸ್ತಕದ ಪುಟಗಳನ್ನೂ ಜೊತೆಗಿಡಬೇಕು. ಆ ಪುಸ್ತಕವೇ ಇಲ್ಲದ ಗೋದಾಮಿನ ದೂರು ಅಲ್ಲೇ ಅರ್ಧ ಸೋಲುತ್ತದೆ.

ಪತ್ರ ಏನು ಕೇಳಬೇಕು? ಏಳು ಟೈರುಗಳ ಪರಿಹಾರ ಸಣ್ಣ ವಿಷಯ. ಟೈರು ಕಂಪನಿಗಳು ಸಾಮಾನ್ಯವಾಗಿ ಉಳಿದ ಗುಂಡಿಯ ಆಳ, ಅಂದರೆ ಟೈರಿನ ಗೀರಿನ ಆಳ ಅಳೆದು ಅಷ್ಟಕ್ಕೆ ಮಾತ್ರ ದುಡ್ಡು ಕೊಡುತ್ತವೆ. ಹೊಸದಾಗಿದ್ದಾಗ 8 ಮಿ.ಮೀ. ಇದ್ದದ್ದು ಈಗ 6 ಉಳಿದಿದ್ದರೆ, ಸರಳ ಲೆಕ್ಕದಲ್ಲಿ ಮುಕ್ಕಾಲು ಬೆಲೆ. ದೊಡ್ಡ ವಿಷಯ, ಅದೇ ಬ್ಯಾಚಿನ ಇನ್ನೂ 31 ಟೈರುಗಳು ರಸ್ತೆಯ ಮೇಲಿವೆ ಎಂಬುದು. ಮುಂಚಕ್ರದ ಟೈರು ಓಡುವಾಗ ಸಿಡಿದರೆ ಸ್ಟೇರಿಂಗ್ ಒಂದು ಕಡೆ ಎಳೆಯುತ್ತದೆ, ಅಲ್ಲಿ ಜೀವದ ಪ್ರಶ್ನೆ ಬರುತ್ತದೆ. ಆದ್ದರಿಂದ ಆ 31 ಟೈರುಗಳನ್ನೂ ಬಿಚ್ಚಿ ಪರೀಕ್ಷಿಸಬೇಕು, ತನಕ ಅವನ್ನು ಮುಂಚಕ್ರಗಳಿಂದ ತೆಗೆದಿದ್ದೇವೆ ಎಂದು ತಾರೀಕು ಸಮೇತ ಬರೆಯಬೇಕು. ಒಡೆದ ಟೈರುಗಳನ್ನು ಬರಿಗೈಯಲ್ಲಿ ಒಪ್ಪಿಸಬಾರದು. ಪ್ರತಿಯೊಂದಕ್ಕೂ ಬಣ್ಣದಲ್ಲಿ ನಂಬರು ಬರೆದು, ಒಳಗೂ ಹೊರಗೂ ಫೋಟೋ ತೆಗೆದು, ಸಹಿ ಹಾಕಿಸಿಕೊಂಡು ಕೊಡಬೇಕು. ಕೊಯ್ದು ನೋಡುವಾಗ ನಮ್ಮವರೊಬ್ಬರು ಎದುರಿರಬೇಕೆಂಬ ಷರತ್ತೂ ಪತ್ರದಲ್ಲಿರಲಿ, ಕೊಯ್ದ ಮೇಲೆ ಅದು ಮತ್ತೆ ಸಾಕ್ಷಿಯಾಗುವುದಿಲ್ಲ.

ಸಪ್ಲೈಯರ್ ಒಪ್ಪದಿದ್ದರೆ ಕಂಪನಿಯೊಂದಕ್ಕೆ ಗ್ರಾಹಕರ ಆಯೋಗದ ಬಾಗಿಲು ಸುಲಭವಾಗಿ ತೆರೆಯದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ವ್ಯಾಪಾರದ ಉದ್ದೇಶಕ್ಕೆ ಕೊಂಡ ಸರಕನ್ನು ಹೊರಗಿಡುತ್ತದೆ. ಉಳಿಯುವುದು 1930ರ ಸರಕು ಮಾರಾಟ ಕಾಯ್ದೆ ಮತ್ತು ಸಿವಿಲ್ ಕೋರ್ಟು, ಅಲ್ಲಿ ಈ ಪತ್ರವೇ ಮೊದಲ ದಾಖಲೆಯಾಗುತ್ತದೆ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಒಂದು ವ್ಯಾನು ಇಟ್ಟುಕೊಂಡವರಿಗೆ ಮಾತ್ರ ಗ್ರಾಹಕ ಕಾಯ್ದೆಯಲ್ಲಿ ಜಾಗವಿದೆ. ನೀವು ಅಂಥವರಾಗಿದ್ದರೆ, ಮುಂದಿನ ಸಲ ಟೈರು ಕೊಳ್ಳುವಾಗ ಪಕ್ಕೆಯ ಮೇಲಿನ ಆ ನಾಲ್ಕು ಅಂಕಿಯನ್ನು ಬಿಲ್ಲಿನಲ್ಲೇ ಬರೆಸಿಕೊಳ್ಳಿ.