ಮುಗಿಯದ ಕಂತಿಗೆ ಮುಗಿಯುವ ಬೆಲೆ

ವರ್ಷಕ್ಕೆ ಇಷ್ಟು ಎಂದು ಗೊತ್ತುಮಾಡಿ, ಕೊನೆಯ ದಿನ ಎಂಬುದೇ ಇಲ್ಲದೆ ಕೊಡುತ್ತಾ ಹೋಗುವ ಹಣಕ್ಕೆ ಹಣಕಾಸಿನ ಪುಸ್ತಕಗಳಲ್ಲಿ ಪರ್ಪೆಚ್ಯುಟಿ ಎಂದು ಹೆಸರು. ಕನ್ನಡದಲ್ಲಿ ಶಾಶ್ವತ ವರ್ಷಾಶನ ಎನ್ನಬಹುದು. ಹೆಸರು ಹೊಸದಾದರೂ ವ್ಯವಹಾರ ಹಳೆಯದು. ಇಷ್ಟು ಗದ್ಯಾಣವನ್ನು ಇಡುಗಂಟಾಗಿ ಕೊಟ್ಟು, ಅಸಲು ಮುಟ್ಟದೆ ಬಡ್ಡಿಯಲ್ಲೇ ನಂದಾದೀವಿಗೆ ಉರಿಸಬೇಕು, ಅದೂ ಆಚಂದ್ರಾರ್ಕವಾಗಿ ನಡೆಯಬೇಕು ಎಂಬ ಕಟ್ಟಳೆ ಕನ್ನಡ ನಾಡಿನ ಶಾಸನಗಳಲ್ಲಿ ಸಿಗುತ್ತದೆ. ಇಂದು ದೇವಸ್ಥಾನಗಳಲ್ಲಿ ಬರೆಸುವ ಶಾಶ್ವತ ಸೇವೆ, ವಿಶ್ವವಿದ್ಯಾಲಯಗಳ ಚಿನ್ನದ ಪದಕದ ದತ್ತಿ ಇವೆಲ್ಲ ಅದೇ ಜಾತಿಯವು.

ಎಂದೂ ನಿಲ್ಲದ ಕಂತುಗಳನ್ನೆಲ್ಲ ಕೂಡಿದರೆ ಮೊತ್ತಕ್ಕೆ ಲೆಕ್ಕವೇ ಇಲ್ಲ. ಆದರೂ ಅಂಥ ಹಕ್ಕಿನ ಇಂದಿನ ಬೆಲೆ ಒಂದು ಚಿಕ್ಕ ಭಾಗಾಕಾರದಲ್ಲಿ ಮುಗಿದುಹೋಗುತ್ತದೆ:

`V = C / r`

ಇಲ್ಲಿ C ಎಂಬುದು ವರ್ಷದ ಕಂತು, r ಎಂಬುದು ಡಿಸ್ಕೌಂಟ್ ದರ, V ಎಂಬುದು ಬೆಲೆ. ಡಿಸ್ಕೌಂಟ್ ದರವೆಂದರೆ ಅಷ್ಟೇ ಅಪಾಯವಿರುವ ಬೇರೆ ಕಡೆ ಹಣ ಹೂಡಿದ್ದರೆ ವರ್ಷಕ್ಕೆ ಸಿಗುತ್ತಿದ್ದ ಪ್ರತಿಫಲ.

ಒಂದು ಕಾಲೇಜಿನಲ್ಲಿ ಪ್ರತಿ ವರ್ಷ 6,000 ರೂಪಾಯಿಯ ಬಹುಮಾನ ಕೊಡಬೇಕು, ದರ ಶೇ. 6 ಎಂದುಕೊಳ್ಳಬಹುದು. 6,000ವನ್ನು 0.06ರಿಂದ ಭಾಗಿಸಿದರೆ ಒಂದು ಲಕ್ಷ. ಇದು ಸರಿಯೇ ಎಂದು ನೋಡಲು ಗಣಿತ ಬೇಕಿಲ್ಲ. ಒಂದು ಲಕ್ಷವನ್ನು ಶೇ. 6ರ ಠೇವಣಿಯಲ್ಲಿಟ್ಟರೆ ವರ್ಷದ ಕೊನೆಗೆ 6,000 ಬಡ್ಡಿ ಬರುತ್ತದೆ, ಅದು ಬಹುಮಾನಕ್ಕೆ ಹೋಗುತ್ತದೆ, ಲಕ್ಷ ಹಾಗೇ ಉಳಿಯುತ್ತದೆ. ಮರುವರ್ಷವೂ ಅದೇ. ಇಡುಗಂಟು ಲಕ್ಷಕ್ಕಿಂತ ಒಂದು ರೂಪಾಯಿ ಕಡಿಮೆಯಾದರೂ ಪ್ರತಿ ವರ್ಷ ಅಸಲಿಗೆ ಕೈಹಾಕಬೇಕಾಗುತ್ತದೆ. ಕರಗಲು ಬಹುಕಾಲ ಹಿಡಿದೀತು, ಆದರೆ ಒಂದು ದಿನ ಕರಗಿಯೇ ತೀರುತ್ತದೆ.

ಕೊಳ್ಳುವವನ ಕಡೆಯಿಂದ ನೋಡಿದರೂ ಅದೇ ಉತ್ತರ. ಇಂಥ ಒಂದು ಹಕ್ಕುಪತ್ರವನ್ನು V ಬೆಲೆಗೆ ಇಂದು ಕೊಂಡವನ ಕೈಯಲ್ಲಿ ವರ್ಷ ಕಳೆದ ಮೇಲೆ ಎರಡು ವಸ್ತು ಇರುತ್ತವೆ: ಬಂದ ಕಂತು, ಮತ್ತು ಅದೇ ಪತ್ರ. ಮುಂದೆ ಬರಬೇಕಾದ ಕಂತುಗಳು ಈಗಲೂ ಅನಂತವಾಗಿಯೇ ಇರುವುದರಿಂದ ಪತ್ರಕ್ಕೆ ವಯಸ್ಸಾಗಿಲ್ಲ, ಅದರ ಬೆಲೆ ಈಗಲೂ V. ಹಾಗಾದರೆ ವರ್ಷದ ಗಳಿಕೆ ಕಂತು ಮಾತ್ರ. ಆ ಗಳಿಕೆ ಬೆಲೆಯ ಮೇಲಿನ ಬಡ್ಡಿಗೆ, ಅಂದರೆ V ಗುಣಿಸು r ಎಂಬುದಕ್ಕೆ, ಸಮನಾಗಬೇಕು. ಸೂತ್ರವೆಂದರೆ ಇಷ್ಟೇ. ಹತ್ತು ವರ್ಷದ ಸಾಲಪತ್ರಕ್ಕೆ ಈ ವಾದ ನಡೆಯದು; ಒಂದು ವರ್ಷ ಕಳೆದರೆ ಅದು ಒಂಬತ್ತು ವರ್ಷದ ಪತ್ರವಾಗಿ ಬೇರೆಯದೇ ವಸ್ತುವಾಗುತ್ತದೆ.

ಅನಂತ ಕಂತುಗಳು ಒಂದು ಲಕ್ಷದೊಳಗೆ ಅಡಗುವುದು ಹೇಗೆಂಬ ಅನುಮಾನ ಆಗಲೂ ಉಳಿಯಬಹುದು. ಉತ್ತರ ಇರುವುದು ದೂರದ ಕಂತುಗಳ ಬಡತನದಲ್ಲಿ. ಒಂದು ವರ್ಷದ ನಂತರ ಬರುವ 6,000ಕ್ಕೆ ಇಂದು 5,660 ರೂಪಾಯಿ ಬೆಲೆ. ಹತ್ತನೆಯ ವರ್ಷದ 6,000ಕ್ಕೆ ಸುಮಾರು 3,350. ಐವತ್ತನೆಯ ವರ್ಷದ್ದಕ್ಕೆ 326. ನೂರನೆಯ ವರ್ಷದ್ದಕ್ಕೆ ಹದಿನೆಂಟು ರೂಪಾಯಿಯೂ ಇಲ್ಲ. ಮೊದಲ ಹನ್ನೆರಡು ವರ್ಷದ ಕಂತುಗಳೇ ಲಕ್ಷದ ಅರ್ಧವನ್ನು ನುಂಗುತ್ತವೆ. ನೂರು ವರ್ಷದ ಆಚೆಗಿನ ಎಲ್ಲ ಕಂತುಗಳನ್ನೂ, ಸೂರ್ಯಚಂದ್ರರಿರುವವರೆಗಿನದನ್ನು, ಒಟ್ಟುಗೂಡಿಸಿದರೆ ಇಂದಿನ ಬೆಲೆ 295 ರೂಪಾಯಿ. ‘ಶಾಶ್ವತ’ ಎಂಬ ಮಾತು ಕೇಳಿ ಹೆದರಬೇಕಾದ್ದು ಅಷ್ಟೇನಿಲ್ಲ. ಶಾಶ್ವತಕ್ಕೂ ನೂರು ವರ್ಷಕ್ಕೂ ಇರುವ ಅಂತರ ಒಂದು ಊಟದ ಖರ್ಚು.

ಸೂತ್ರ ಸುಲಭವಾದ್ದರಿಂದಲೇ ತಪ್ಪುಗಳೂ ಸುಲಭ. ತಿಂಗಳಿಗೆ 500 ರೂಪಾಯಿ ಬರುವುದಾದರೆ ಅದನ್ನು ವರ್ಷದ ದರದಿಂದ ಭಾಗಿಸಿ 8,333 ಎಂದುಬಿಡುವವರಿದ್ದಾರೆ. ತಿಂಗಳ ಕಂತಿಗೆ ತಿಂಗಳ ದರವೇ ಬೇಕು: ಶೇ. 0.5ರಿಂದ ಭಾಗಿಸಿದರೆ ಒಂದು ಲಕ್ಷ. ಇನ್ನೊಂದು, ಸೂತ್ರದ ಪ್ರಕಾರ ಮೊದಲ ಕಂತು ಬರುವುದು ವರ್ಷ ಕಳೆದ ಮೇಲೆ. ಮೊದಲ ಬಹುಮಾನವನ್ನು ಇಂದೇ ಕೊಡಬೇಕಾದರೆ ಬೇಕಾಗುವುದು 1,06,000.

ಇನ್ನು ದರವೇ ಬದಲಾದರೆ ಏನಾಗುತ್ತದೆ ಎಂಬುದನ್ನು ಬ್ರಿಟನ್ನಿನ ಕಾನ್ಸಾಲ್ ಎಂಬ ಸಾಲಪತ್ರಗಳಷ್ಟು ಚೆನ್ನಾಗಿ ತೋರಿಸಿದ್ದು ಬೇರೆ ಇಲ್ಲ. 18ನೆಯ ಶತಮಾನದ ನಡುವಿನಲ್ಲಿ ಹೆನ್ರಿ ಪೆಲ್ಹಾಮ್ ಅಲ್ಲಿನ ಸರ್ಕಾರದ ನಾನಾ ಬಗೆಯ ಸಾಲಗಳನ್ನು ಒಂದೇ ಬಗೆಯದಾಗಿ ಕೂಡಿಸಿದ. ನೂರು ಪೌಂಡ್ ಮುಖಬೆಲೆಯ ಪತ್ರಕ್ಕೆ ವರ್ಷಕ್ಕೆ 3 ಪೌಂಡ್. ಅಸಲು ಮರಳಿಸುವ ತಾರೀಖು ಇಲ್ಲ. ಹಣ ಬೇಕಾದವರು ಪತ್ರವನ್ನು ಪೇಟೆಯಲ್ಲಿ ಮಾರಿಕೊಳ್ಳಬೇಕು. ಅಲ್ಲಿ ಬೆಲೆ ಕಟ್ಟುವುದು 3ನ್ನು ಆ ಹೊತ್ತಿನ ದರದಿಂದ ಭಾಗಿಸಿಯೇ. ದರ ಶೇ. 3 ಇದ್ದಾಗ ಬೆಲೆ 100. ಶೇ. 4 ಆದರೆ 75. ಶೇ. 6 ಆದರೆ 50. ಅದೇ 3 ಪೌಂಡ್ ಬಡ್ಡಿ ಕೊಡುವ, ಹತ್ತು ವರ್ಷಕ್ಕೆ ಅಸಲು ತೀರುವ ಪತ್ರವಾಗಿದ್ದರೆ ದರ 3ರಿಂದ 4ಕ್ಕೆ ಏರಿದಾಗ ಬೆಲೆ 92ರ ಹತ್ತಿರ ನಿಲ್ಲುತ್ತಿತ್ತು. ಹಿಡಿದು ನಿಲ್ಲಿಸುವ ಅಸಲು ಇಲ್ಲದಿರುವುದರಿಂದ ಶಾಶ್ವತ ಪತ್ರ ದರದ ಗಾಳಿಗೆ ಹೆಚ್ಚು ತೂಗಾಡುತ್ತದೆ.

ಇದು ಬರಿಯ ಲೆಕ್ಕವಾಗಿ ಉಳಿಯಲಿಲ್ಲ. 1797ರಲ್ಲಿ ಫ್ರಾನ್ಸಿನೊಡನೆ ಯುದ್ಧ, ದಂಡೆತ್ತಿ ಬರುವ ಭೀತಿ, ಬ್ಯಾಂಕ್ ಆಫ್ ಇಂಗ್ಲೆಂಡ್ ನೋಟಿಗೆ ಚಿನ್ನ ಕೊಡುವುದನ್ನು ನಿಲ್ಲಿಸಿದ ಸುದ್ದಿ ಎಲ್ಲ ಒಟ್ಟಾಗಿ, ಕಾನ್ಸಾಲ್ ಬೆಲೆ ಐವತ್ತರ ಹತ್ತಿರಕ್ಕೆ ಕುಸಿಯಿತು. ಸರ್ಕಾರ 3 ಪೌಂಡ್ ಬಡ್ಡಿಯನ್ನು ತಪ್ಪಿಸಿರಲಿಲ್ಲ. ಆದರೆ ಆ 3 ಪೌಂಡಿಗೆ ಕೊಳ್ಳುವವರು ಕೇಳುತ್ತಿದ್ದ ದರ ಶೇ. 6 ಆಗಿತ್ತು. ಕಂತು ಅಲುಗದಿದ್ದರೂ ಆಸ್ತಿ ಅರ್ಧವಾಗುವುದೆಂದರೆ ಹೀಗೆ.

ದರ ಇಳಿದಾಗ ಬೆಲೆ ಅಷ್ಟೇ ಜೋರಾಗಿ ಏರಬೇಕಲ್ಲ? ಶೇ. 2 ಆದರೆ ಸೂತ್ರದ ಉತ್ತರ 150. ಇಲ್ಲಿ ಪತ್ರದೊಳಗಿನ ಒಂದು ಷರತ್ತು ಅಡ್ಡ ಬರುತ್ತದೆ. ಪತ್ರ ಹಿಡಿದವರಿಗೆ ಅಸಲು ಕೇಳುವ ಹಕ್ಕು ಇರಲಿಲ್ಲ, ಸರ್ಕಾರಕ್ಕೆ ಮಾತ್ರ ಮುಖಬೆಲೆ ಕೊಟ್ಟು ಸಾಲ ತೀರಿಸಿಕೊಳ್ಳುವ ಹಕ್ಕು ಇತ್ತು. ನಾಳೆ ನೂರು ಕೊಟ್ಟು ಕೈತೊಳೆದುಕೊಳ್ಳಬಹುದಾದ ಪತ್ರಕ್ಕೆ ಯಾರೂ ನೂರೈವತ್ತು ಕೊಡುವುದಿಲ್ಲ. 1888ರಲ್ಲಿ ಹಣಕಾಸು ಸಚಿವ ಜಾರ್ಜ್ ಗೋಶೆನ್ ಈ ಹಕ್ಕನ್ನೇ ಮುಂದೊಡ್ಡಿ ಬಡ್ಡಿಯನ್ನು ಶೇ. 2.75ಕ್ಕೆ ಇಳಿಸಿದ, 1903ರಿಂದ ಅದು 2.5 ಆಯಿತು. ಒಪ್ಪದವರು ಮುಖಬೆಲೆ ಪಡೆದು ಹೋಗಬಹುದಿತ್ತು. ಆದ್ದರಿಂದ ಶಾಶ್ವತ ಎಂದು ಬರೆದಿರುವ ಯಾವ ಪತ್ರವನ್ನು ಕೊಳ್ಳುವಾಗಲೂ ಮೊದಲು ಓದಬೇಕಾದದ್ದು ಅದನ್ನು ಹಿಂದಕ್ಕೆ ಪಡೆಯುವ ಹಕ್ಕು ಯಾರದು ಎಂಬ ಸಾಲನ್ನು. ಕೊನೆಗೆ, ದರಗಳು ತೀರಾ ಇಳಿದಿದ್ದ 2015ರಲ್ಲಿ, ಬ್ರಿಟಿಷ್ ಸರ್ಕಾರ ಇಂಥ ಪತ್ರಗಳನ್ನೆಲ್ಲ ಮುಖಬೆಲೆ ಕೊಟ್ಟು ತೀರಿಸಿತು. ಆ ವರ್ಷದ ಜುಲೈ 5ರಂದು ಕೊನೆಯವು ಮುಗಿದವು.

ಕಾನ್ಸಾಲ್ ಹಿಡಿದವರನ್ನು ನಿಜವಾಗಿ ಬಡವಾಗಿಸಿದ್ದು ಯುದ್ಧವಲ್ಲ, ಬೆಲೆಯೇರಿಕೆ. 1974ರ ಕೊನೆಯಲ್ಲಿ ಬ್ರಿಟನ್ನಿನಲ್ಲಿ ಹಣದುಬ್ಬರ ವಿಪರೀತವಾಗಿ, ದೀರ್ಘಾವಧಿಯ ದರ ಶೇ. 17ರ ಆಸುಪಾಸಿಗೆ ಹೋಯಿತು. 2.5ನ್ನು 0.17ರಿಂದ ಭಾಗಿಸಿದರೆ 15ಕ್ಕೂ ಕಡಿಮೆ. ನೂರರ ಪತ್ರ ಆಗ ಮಾರಾಟವಾದದ್ದು ಹೆಚ್ಚುಕಡಿಮೆ ಆ ಬೆಲೆಗೇ.

ಇದಕ್ಕಿಂತ ದೀರ್ಘವಾದ ಉದಾಹರಣೆ ನೆದರ್ಲೆಂಡ್ಸಿನದು. ಲೆಕ್ ನದಿಯ ಒಡ್ಡನ್ನು ನೋಡಿಕೊಳ್ಳುವ ಲೆಕ್‌ಡೈಕ್ ಬೋವೆನ್‌ಡಾಮ್ಸ್ ಎಂಬ ಮಂಡಳಿ 1648ರಲ್ಲಿ ಮೇಕೆ ಚರ್ಮದ ಮೇಲೆ ಬರೆದುಕೊಟ್ಟ ಸಾವಿರ ಗಿಲ್ಡರ್‌ಗಳ ಶಾಶ್ವತ ಸಾಲಪತ್ರವೊಂದು ಈಗ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿದೆ. ಪತ್ರಕ್ಕೆ ಇನ್ನೂ ಜೀವವಿದೆ. 2015ರಲ್ಲಿ ಯೇಲ್‌ನವರು ಹೋಗಿ ಹನ್ನೆರಡು ವರ್ಷದ ಬಾಕಿ ಬಡ್ಡಿಯೆಂದು 136.20 ಯೂರೋ ಎಣಿಸಿಕೊಂಡರು. ವರ್ಷಕ್ಕೆ 11.35 ಯೂರೋ. ಶೇ. 4ರ ದರದಲ್ಲಿ ಇದರ ಬೆಲೆ 284 ಯೂರೋ. 2003ರಲ್ಲಿ ವಿಶ್ವವಿದ್ಯಾಲಯ ಅದಕ್ಕೆ ಕೊಟ್ಟದ್ದು ಸುಮಾರು 24,000 ಯೂರೋ, ಆದರೆ ಅದು ಮೇಕೆ ಚರ್ಮಕ್ಕೆ ಮತ್ತು ಮೂರೂವರೆ ಶತಮಾನದ ವಯಸ್ಸಿಗೆ ಕೊಟ್ಟ ಬೆಲೆ.

ಕಾಲೇಜಿನ ದತ್ತಿಗೂ ಇದೇ ಗತಿ. ಅಲ್ಲಿ ಇನ್ನೊಂದು ತೊಡಕೂ ಇದೆ: ಬ್ಯಾಂಕಿನ ಠೇವಣಿ ಶಾಶ್ವತವಲ್ಲ, ಅವಧಿ ಮುಗಿದಾಗಲೆಲ್ಲ ಹೊಸ ದರಕ್ಕೆ ನವೀಕರಿಸಬೇಕು. ಶೇ. 9 ಇದ್ದಾಗ ಇಟ್ಟ ಲಕ್ಷ 9,000 ಕೊಟ್ಟರೆ, ಶೇ. 6ಕ್ಕೆ ಇಳಿದಾಗ ಅದೇ ಲಕ್ಷ 6,000 ಕೊಡುತ್ತದೆ. ದರ ನಿಂತಲ್ಲೇ ನಿಂತರೂ ಬಹುಮಾನದ ಬೆಲೆ ಸವೆಯುತ್ತದೆ. ಚಿನ್ನದ ಪದಕಕ್ಕೆಂದು ಇಟ್ಟ ಎಷ್ಟೋ ದತ್ತಿಗಳಲ್ಲಿ ಈಗ ಬರುವ ಬಡ್ಡಿಗೆ ಚಿನ್ನದ ನೀರು ಮಾತ್ರ ಸಿಗುತ್ತದೆ.

ಕಂತು ವರ್ಷವರ್ಷವೂ ಏರಬೇಕಾದರೆ ಸೂತ್ರಕ್ಕೆ ಚಿಕ್ಕ ತಿದ್ದುಪಡಿ ಬೇಕು. ಏರಿಕೆಯ ದರ g ಆದರೆ:

`V = C / (r − g)`

ಬಹುಮಾನ ವರ್ಷಕ್ಕೆ ಶೇ. 4ರಂತೆ ಏರಲಿ ಎಂದರೆ 6,000ವನ್ನು 0.02ರಿಂದ ಭಾಗಿಸಬೇಕು, ಬೇಕಾದದ್ದು ಮೂರು ಲಕ್ಷ. ಲೆಕ್ಕ ಕೂಡುತ್ತದೆಯೇ ನೋಡಬಹುದು. ಮೂರು ಲಕ್ಷಕ್ಕೆ ಶೇ. 6ರಂತೆ 18,000 ಬಡ್ಡಿ. ಅದರಲ್ಲಿ 6,000 ಬಹುಮಾನಕ್ಕೆ, ಉಳಿದ 12,000 ಮತ್ತೆ ಅಸಲಿಗೆ. ಅಸಲು ಈಗ 3,12,000. ಮರುವರ್ಷದ ಬಡ್ಡಿ 18,720, ಬಹುಮಾನ 6,240, ಅಸಲಿಗೆ ಸೇರುವುದು 12,480. ಬಹುಮಾನವೂ ಇಡುಗಂಟೂ ಜೊತೆಜೊತೆಯಾಗಿ ಶೇ. 4ರಂತೆ ಬೆಳೆಯುತ್ತವೆ.

ಈ ಸೂತ್ರದಲ್ಲಿ ಅಪಾಯ ಇರುವುದು ಭಾಜಕದಲ್ಲಿ. ಏರಿಕೆ ಶೇ. 4ರ ಬದಲು 5 ಎಂದು ಅಂದಾಜು ಮಾಡಿದರೆ ಮೂರು ಲಕ್ಷ ಆರು ಲಕ್ಷವಾಗುತ್ತದೆ. ಕಂಪನಿಗಳ ಷೇರಿಗೆ ಬೆಲೆ ಕಟ್ಟುವವರು ದೂರದ ವರ್ಷಗಳ ಲಾಭಕ್ಕೆಲ್ಲ ಇದೇ ಸೂತ್ರ ಬಳಸುವುದರಿಂದ, ಒಂದು ಶೇಕಡಾದ ಆಶಾವಾದ ಬೆಲೆಯನ್ನು ದುಪ್ಪಟ್ಟು ಮಾಡಿಬಿಡಬಲ್ಲದು. ಅಂಥ ವರದಿ ಓದುವಾಗ ಮೊದಲು ನೋಡಬೇಕಾದ ಅಂಕಿ ಅದೇ. ಏರಿಕೆಯ ದರ ಬಡ್ಡಿಯ ದರವನ್ನು ಮುಟ್ಟಿದರಂತೂ ಭಾಗಿಸಲು ಏನೂ ಉಳಿಯುವುದಿಲ್ಲ. ಠೇವಣಿಗೆ ಶೇ. 6 ಬಡ್ಡಿ, ಚಿನ್ನದ ಬೆಲೆಗೂ ವರ್ಷಕ್ಕೆ ಶೇ. 6 ಏರಿಕೆ ಎಂದಾದರೆ, ಆ ಠೇವಣಿಯ ಬಡ್ಡಿಯಿಂದ ಶಾಶ್ವತವಾಗಿ ಚಿನ್ನದ ಪದಕ ಕೊಡಲು ಎಷ್ಟು ಹಣ ಇಟ್ಟರೂ ಸಾಲದು.