ಹಳೆಯ ಗೋಡೆ, ಹೊಸ ಕಂದಕ: ವಲಸೆ ಕಾರ್ಮಿಕರ ಸುರಕ್ಷತೆಯ ಭಾಷೆ

2023ರ ಜುಲೈ 4ರಂದು ಕೊಯಮತ್ತೂರಿನ ಕುನಿಯಮುತ್ತೂರಿನಲ್ಲಿ ಖಾಸಗಿ ಕಾಲೇಜೊಂದರ ಹಳೆಯ ಆವರಣ ಗೋಡೆಯ ಪಕ್ಕದಲ್ಲಿ ಹೊಸ ಗೋಡೆಯ ಕೆಲಸ ನಡೆಯುತ್ತಿತ್ತು. ಹಳೆಯ ಗೋಡೆ ಕುಸಿದು, ಆಂಧ್ರಪ್ರದೇಶ ಹಾಗೂ ಪಶ್ಚಿಮ ಬಂಗಾಳಗಳಿಂದ ಬಂದಿದ್ದ ಕಾರ್ಮಿಕರು ಮೃತಪಟ್ಟರು. ಗಣಪತಿಯಂಥ ಬಡಾವಣೆಗಳಿಂದ ತಿರುಪ್ಪೂರಿನವರೆಗೆ ದಿನವೂ ನಡೆಯುವ ಇಂಥ ಕೆಲಸದ ಅಪಾಯವನ್ನು ಈ ಘಟನೆಯ ಹಿನ್ನೆಲೆಯಲ್ಲಿ ಪರಿಶೀಲಿಸಬಹುದು.

ಗೋಡೆಯ ತಳಪಾಯವನ್ನು ಅದರ ಎರಡು ಬದಿಯ ಮಣ್ಣು ಹಿಡಿದು ನಿಲ್ಲಿಸಿರುತ್ತದೆ. ಒಂದು ಬದಿಯಲ್ಲಿ ಕಂದಕ ತೋಡಿದರೆ ಆ ಆಧಾರ ತಪ್ಪುತ್ತದೆ. ಇನ್ನೊಂದು ಬದಿಯ ಮಣ್ಣು ಮಳೆನೀರು ಕುಡಿದು ಭಾರವಾದರೆ ಗೋಡೆಯನ್ನು ಕಂದಕದತ್ತ ತಳ್ಳುತ್ತದೆ. ಒಂದು ಘನ ಮೀಟರ್ ಮಣ್ಣಿನ ತೂಕವೇ ಸುಮಾರು ಒಂದೂವರೆ ಟನ್ನಿಗಿಂತ ಹೆಚ್ಚು. ಎದೆಯವರೆಗೆ ಹೂತವನಿಗೆ ತಲೆ ಹೊರಗಿದ್ದರೂ ಉಸಿರಾಡಲಾಗದು. ಆದ್ದರಿಂದ ಒಂದೂವರೆ ಮೀಟರಿಗಿಂತ ಆಳದ ಕಂದಕಕ್ಕೆ ಹಲಗೆ, ಅಡ್ಡಗಂಬಗಳ ಆಸರೆ ಕೊಡಬೇಕು, ಇಲ್ಲವೇ ಅದರ ಬದಿಗಳನ್ನು ಇಳಿಜಾರಾಗಿ ಕಡಿಯಬೇಕು. ಗೋಡೆಯ ಬುಡದಲ್ಲಾದರೆ ಇನ್ನೂ ಕಡಿಮೆ ಆಳವೂ ಅಪಾಯಕಾರಿ. ಅಲ್ಲಿ ಗೋಡೆಗೆ ಊರೆಗಂಬ ಕೊಟ್ಟು, ತುಂಡು ತುಂಡಾಗಿ ಅಗೆಯುವುದೇ ಕ್ರಮ. ಇಟ್ಟಿಗೆ ಗೂಡುಗಳಿಗೆ ಜೇಡಿಮಣ್ಣು ತೆಗೆಯುವಾಗ ದಂಡೆಯ ಬುಡವನ್ನು ಕೊರೆಯುವುದರಲ್ಲಿಯೂ ಇದೇ ಅಪಾಯವಿದೆ.

ವಸತಿಯ ಪ್ರಶ್ನೆಯೂ ಇದಕ್ಕೆ ಹೊಂದಿಕೊಂಡಿದೆ. 2019ರ ಜೂನ್ 29ರ ನಸುಕಿನಲ್ಲಿ ಪುಣೆಯ ಕೊಂಡ್ವಾದಲ್ಲಿ ವಸತಿ ಸಮುಚ್ಚಯವೊಂದರ ಆವರಣ ಗೋಡೆ ಕಾರ್ಮಿಕರ ತಗಡಿನ ಶೆಡ್ಡುಗಳ ಮೇಲೆ ಬಿದ್ದು 15 ಮಂದಿ ಸತ್ತರು. ಅವರಲ್ಲಿ ಮಕ್ಕಳೂ ಇದ್ದರು. 1996ರ ಕಟ್ಟಡ ಕಾರ್ಮಿಕರ ಕಾಯ್ದೆಯ 34ನೆಯ ಪ್ರಕರಣವು ನಿವೇಶನದಲ್ಲಿ ಅಥವಾ ಆದಷ್ಟು ಸಮೀಪದಲ್ಲಿ ಉಚಿತ ತಾತ್ಕಾಲಿಕ ವಸತಿ ಕೊಡಬೇಕೆಂದು ವಿಧಿಸಿತ್ತು. ಆದರೆ ನಿವೇಶನದಲ್ಲಿ ಖಾಲಿ ಉಳಿಯುವ ಜಾಗ ಸಾಮಾನ್ಯವಾಗಿ ಗೋಡೆಯ ಬುಡವೇ. ಶೆಡ್ಡು ಗೋಡೆಯಿಂದ ಕನಿಷ್ಠ ಅದರ ಎತ್ತರದಷ್ಟಾದರೂ ದೂರವಿರಬೇಕು.

ಇದನ್ನು ಕಲಿಸುವಲ್ಲಿ ಭಾಷೆ ನಿರ್ಣಾಯಕವಾಗುತ್ತದೆ. ತಮಿಳು ಮೇಸ್ತ್ರಿ 'ಓಡು' ಎಂದು ಕೂಗಿದರೆ ಕನ್ನಡಿಗನಿಗೆ ತಿಳಿಯುತ್ತದೆ. ತೆಲುಗಿನಲ್ಲಿ ಅದೇ ಧಾತು ಸೋಲುವುದನ್ನು ಸೂಚಿಸುತ್ತದೆ. ಬಂಗಾಳಿಯವನಿಗೆ ಅದು ಬರಿಯ ಸದ್ದು. ಆದಕಾರಣ ಎಚ್ಚರಿಕೆಗೆ ಮಾತನ್ನು ನೆಚ್ಚದೆ ಒಂದು ಸೀಟಿಯ ಸಂಕೇತವನ್ನು ಗೊತ್ತುಪಡಿಸಬೇಕು. ಅದನ್ನು ಕೇಳಿ ಎಲ್ಲರೂ ಏಣಿಯತ್ತ ಹೋಗುವುದನ್ನು ಕೆಲಸ ಆರಂಭಿಸುವ ಮುನ್ನ ಮಾಡಿಸಿ ನೋಡಬೇಕು.

ಕಾರಣವನ್ನು ತಿಳಿಸಲು ಮಾತ್ರ ಅವರವರ ನುಡಿಯೇ ಬೇಕು. ಪಾಠ ಕಂದಕದ ಅಂಚಿನಿಂದ ದೂರ ನಿಂತು ನಡೆಯಲಿ: ಅಂಚಿಗೆ ಸಮಾನಾಂತರವಾದ ಬಿರುಕು, ಗೋಡೆಯ ಉಬ್ಬು, ಬುಡದಲ್ಲಿ ಜಿನುಗುವ ನೀರು, ಉದುರುವ ಮಣ್ಣು ಎಂಬ ನಾಲ್ಕು ಗುರುತುಗಳನ್ನು ತೋರಿಸಬೇಕು. 'ಅರ್ಥವಾಯಿತೇ' ಎಂದರೆ ಎಲ್ಲರೂ ತಲೆಯಾಡಿಸುತ್ತಾರೆ. ಬದಲಿಗೆ ಪ್ರತಿಯೊಬ್ಬರೂ ಗುರುತನ್ನು ತಾವೇ ಹುಡುಕಿ ತಮ್ಮ ನುಡಿಯಲ್ಲಿ ಹೆಸರಿಸಲಿ. ಬಿರುಕನ್ನು ಕಂಡವನಿಗೆ ಕೆಲಸ ನಿಲ್ಲಿಸುವ ಅಧಿಕಾರವಿಲ್ಲದಿದ್ದರೆ, ನಿಲ್ಲಿಸಿದ ದಿನದ ಕೂಲಿ ಸಿಗದಿದ್ದರೆ, ಅವನು ಕಲಿತದ್ದು ಅವನನ್ನು ಕಾಯಲಾರದು.