ಖಾಲಿ ಪಿಸ್ತೂಲಿಗೂ ಒಂದು ದಾರ

‘ಮಾನ್ಯರೇ, ಕಳೆದ ವಾರ ನಿಮ್ಮ ಕ್ಲಬ್ಬಿನ ಸದಸ್ಯತ್ವ ಶುಲ್ಕ ಕಟ್ಟಿದ್ದೇನೆ. ನನಗೀಗ ಮೂವತ್ತೆಂಟು ವರ್ಷ, ಬ್ಯಾಂಕಿನಲ್ಲಿ ಕೆಲಸ. ಅಜ್ಜನ ಮನೆ ಕೊಡಗಿನಲ್ಲಿ. ಕೈಲ್‌ಪೊಳ್ದ್ ಹಬ್ಬದ ದಿನ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವುದನ್ನು ನೋಡುತ್ತ ಬೆಳೆದವಳು ನಾನು. ಹಾಗಾಗಿ ಕೋವಿ ಎಂದರೆ ಭಯವಿಲ್ಲ. 10 ಮೀಟರ್ ಏರ್ ಪಿಸ್ತೂಲ್ ಕಲಿಯುವ ಆಸೆ ಇದೆ. ತರಬೇತಿ ಎಷ್ಟು ದಿನದ್ದು? ಮೊದಲ ದಿನವೇ ಗುಂಡು ಹೊಡೆಯಲು ಬಿಡುತ್ತೀರಾ? ಪಿಸ್ತೂಲು ನಾನೇ ಕೊಳ್ಳಬೇಕೇ, ಅದಕ್ಕೆ ಲೈಸೆನ್ಸ್ ಬೇಕೇ? ರೇಂಜಿನ ಸುರಕ್ಷತಾ ನಿಯಮಗಳ ಪ್ರತಿ ಇದ್ದರೆ ದಯವಿಟ್ಟು ಕಳುಹಿಸಿಕೊಡಿ.’

ನಮ್ಮ ಕ್ಲಬ್ಬಿನ ಕಾರ್ಯದರ್ಶಿ ಈ ಪತ್ರವನ್ನು ನನ್ನ ಕೈಗಿಟ್ಟು, ‘ಉತ್ತರ ನೀವೇ ಬರೆದುಬಿಡಿ’ ಎಂದರು. ರೇಂಜ್ ಆಫೀಸರ್ ಆಗಿ ಭಾನುವಾರದ ಬೆಳಗುಗಳನ್ನು ಫೈರಿಂಗ್ ಲೈನಿನ ಹಿಂದೆ ನಿಂತು ಕಳೆಯುವವನು ನಾನು. ಹೊಸಬರು ಕೇಳುವುದೆಲ್ಲ ಈ ಪತ್ರದಲ್ಲಿದೆ, ಅವರು ಕೇಳುವ ಕ್ರಮದಲ್ಲೇ ಇದೆ. ಗುಂಡು ಯಾವಾಗ ಎಂಬುದು ಮೊದಲು, ನಿಯಮ ಕೊನೆಗೆ. ನಾನು ಕೊನೆಯ ಪ್ರಶ್ನೆಯಿಂದಲೇ ಉತ್ತರ ಶುರುಮಾಡಿದೆ.

‘ಭಯವಿಲ್ಲ’ ಎಂದು ಅವರು ಬರೆದದ್ದು ನಿಜವೇ ಇರಬೇಕು. ಕೋವಿಗೆ ತೋಕ್ ಪೂ ಮುಡಿಸಿ ಪೂಜೆ ಮಾಡುವ ಮನೆಯ ಮಕ್ಕಳು ಆಯುಧವನ್ನು ಗೌರವದಿಂದ ಹಿಡಿಯುವುದನ್ನು ನಾನೇ ನೋಡಿದ್ದೇನೆ. ಆದರೆ ರೇಂಜಿನಲ್ಲಿ ಅಪಾಯ ತರುವುದು ಭಯವೂ ಅಲ್ಲ, ಧೈರ್ಯವೂ ಅಲ್ಲ. ‘ಇದು ಖಾಲಿ ಇದೆ’ ಎಂಬ ನಂಬಿಕೆ. ಅಲ್ಲಿನ ನಿಯಮಗಳಲ್ಲಿ ಹೆಚ್ಚಿನವು ಈ ಒಂದು ನಂಬಿಕೆಯನ್ನು ಮುರಿಯುವುದಕ್ಕೆಂದೇ ಹುಟ್ಟಿದವು.

ಏರ್ ಪಿಸ್ತೂಲಿನಲ್ಲಿ ಮದ್ದಿಲ್ಲ. ಒತ್ತಿ ತುಂಬಿದ ಗಾಳಿ 4.5 ಮಿಲಿಮೀಟರ್ ಅಗಲದ ಸೀಸದ ಪೆಲೆಟ್ಟನ್ನು ತಳ್ಳುತ್ತದೆ. ಪೆಲೆಟ್ಟಿನ ತೂಕ ಸುಮಾರು ಅರ್ಧ ಗ್ರಾಂ, ವೇಗ ಸೆಕೆಂಡಿಗೆ ಸುಮಾರು 150 ಮೀಟರ್. ಕೇಳಿದರೆ ಆಟಿಕೆ ಅನ್ನಿಸಬಹುದು. ಆದರೆ ಹತ್ತಿರದಿಂದ ಬಡಿದರೆ ಅದು ಚರ್ಮವನ್ನು ಸೀಳಿ ಒಳಹೋಗುತ್ತದೆ, ಕಣ್ಣಿಗೆ ಬಿದ್ದರೆ ಕಣ್ಣೇ ಹೋಗುತ್ತದೆ. ಸದ್ದೂ ಕಡಿಮೆ, ಒದೆತವೂ ಇಲ್ಲವೆನ್ನುವಷ್ಟು. ಅದಕ್ಕೇ ಜನ ಮೈಮರೆಯುತ್ತಾರೆ.

ಹಾಗಾಗಿ ಮೊದಲ ಪಾಠ ಒಂದು ದಾರದ್ದು. ಹೊಳೆಯುವ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ದಾರ, ಸೇಫ್ಟಿ ಫ್ಲ್ಯಾಗ್ ಎನ್ನುತ್ತೇವೆ. ಪೆಲೆಟ್ ಇಡುವ ಜಾಗದಿಂದ ತೂರಿಸಿದರೆ ನಳಿಗೆಯ ಬಾಯಿಂದ ಅದರ ತುದಿ ಹೊರಗೆ ಕಾಣಬೇಕು. ಎರಡೂ ಕಡೆ ದಾರ ಕಂಡರೆ ನಳಿಗೆಯಲ್ಲಿ ಪೆಲೆಟ್ ಇಲ್ಲವೆಂದು ಅರ್ಥ, ಇದ್ದಿದ್ದರೆ ದಾರ ತೂರುತ್ತಲೇ ಇರಲಿಲ್ಲ. ಹೊಡೆಯಲು ಅನುಮತಿ ಸಿಕ್ಕಾಗ ಮಾತ್ರ ಅದನ್ನು ತೆಗೆಯಬೇಕು, ಮುಗಿದ ಕೂಡಲೇ ಮತ್ತೆ ಹಾಕಬೇಕು. ಹತ್ತು ಹೆಜ್ಜೆ ದೂರದಲ್ಲಿ ನಿಂತವನಿಗೂ ಕಾಣಲಿ ಎಂದೇ ಆ ಬಣ್ಣ. ‘ಖಾಲಿ ಇದೆ ಸಾರ್’ ಎಂಬ ಬಾಯಿಮಾತಿಗೆ ರೇಂಜಿನಲ್ಲಿ ಬೆಲೆಯಿಲ್ಲ.

ಯಾಕೆ ಎಂಬುದನ್ನು ನಾನು ಕಣ್ಣಾರೆ ಕಂಡೆ. ಹಿಂದೆ ನಾನು ಕಲಿಯುತ್ತಿದ್ದ ಇನ್ನೊಂದು ರೇಂಜಿನಲ್ಲಿ ಕಾಗದದ ಟಾರ್ಗೆಟ್ಟು ಹಗ್ಗ ಮತ್ತು ರಾಟೆಯ ಮೇಲೆ ಹೋಗಿ ಬರುತ್ತಿತ್ತು. ಒಂದು ದಿನ ನನ್ನ ಪಕ್ಕದ ಲೇನಿನ ಹುಡುಗನ ಹಗ್ಗ ನಡುದಾರಿಯಲ್ಲಿ ಸಿಕ್ಕಿಕೊಂಡಿತು. ಅವನು ಪಿಸ್ತೂಲನ್ನು ಮೇಜಿನ ಮೇಲಿಟ್ಟು, ಯಾರಿಗೂ ಹೇಳದೆ, ಮೇಜಿನ ಕೆಳಗೆ ನುಸುಳಿ ಹಗ್ಗ ಬಿಡಿಸಲು ಮುಂದೆ ನಡೆದುಬಿಟ್ಟ. ಮೂರನೇ ಲೇನಿನಲ್ಲಿ ಒಬ್ಬರು ಕೈ ಎತ್ತಿ ಗುರಿ ಹಿಡಿದಿದ್ದರು. ಗುರಿ ಹಿಡಿದವರಿಗೆ ತಮ್ಮ ಟಾರ್ಗೆಟ್ ಬಿಟ್ಟು ಬೇರೇನೂ ಕಾಣುವುದಿಲ್ಲ. ಹಿಂದಿನಿಂದ ‘ಸ್ಟಾಪ್!’ ಎಂಬ ಕೂಗು ಬಂತು. ಎಲ್ಲರ ಕೈ ಇಳಿಯಿತು, ಯಾರಿಗೂ ಏನೂ ಆಗಲಿಲ್ಲ. ಆಮೇಲೆ ಆಫೀಸರ್ ಬಂದು ಹುಡುಗ ಬಿಟ್ಟುಹೋದ ಪಿಸ್ತೂಲಿನ ಲಿವರ್ ಎತ್ತಿ ನೋಡಿದರು. ಒಳಗೆ ಪೆಲೆಟ್ ಕುಳಿತಿತ್ತು. ಅದರ ಬಾಯಿ ಹಗ್ಗ ಸಿಕ್ಕಿಕೊಂಡಿದ್ದ ಜಾಗಕ್ಕೇ ನೇರವಾಗಿತ್ತು. ಹುಡುಗನ ಮುಖ ಬಿಳಿಚಿಕೊಂಡಿತು. ತುಂಬಿದ್ದು ಅವನಿಗೆ ನಿಜಕ್ಕೂ ನೆನಪಿರಲಿಲ್ಲ.

ಅವನು ಮಾಡಬೇಕಿದ್ದ ಕೆಲಸ ದೊಡ್ಡದೇನಲ್ಲ. ಪಿಸ್ತೂಲಿನ ಬಾಯಿ ಟಾರ್ಗೆಟ್ಟಿನ ಕಡೆಗೇ ಇರುವಂತೆ ಹಿಡಿದು, ಇನ್ನೊಂದು ಕೈ ಎತ್ತಿ ಆಫೀಸರನ್ನು ಕರೆಯಬೇಕಿತ್ತು. ತುಂಬಿದ ಪೆಲೆಟ್ಟನ್ನು ಕೈಬೆರಳಿನಿಂದ ಕೆದಕಿ ತೆಗೆಯಲಾಗದು. ಆಫೀಸರ್ ಹೇಳಿದಂತೆ ಅದನ್ನು ಟಾರ್ಗೆಟ್ಟಿನ ಹಿಂಬದಿಯ ತಡೆಗೋ, ಅದಕ್ಕೆಂದೇ ಇಟ್ಟ ಡಬ್ಬಿಗೋ ಹೊಡೆದು ಖಾಲಿ ಮಾಡಬೇಕು. ಆಮೇಲೆ ಲಿವರ್ ತೆರೆದು ದಾರ ತೂರಿಸಿ, ಪಿಸ್ತೂಲನ್ನು ಮೇಜಿನ ಮೇಲಿಟ್ಟು ಹಿಂದೆ ಸರಿಯಬೇಕು. ಹೀಗೆ ಸಾಲಿನ ಎಲ್ಲರೂ ಸರಿದ ಮೇಲೆ, ಆಫೀಸರ್ ಒಂದೊಂದೇ ಮೇಜು ನೋಡಿಕೊಂಡು ಬಂದ ಮೇಲೆ, ಯಾರಾದರೂ ಒಬ್ಬರು ಮುಂದೆ ಹೋಗಬಹುದು. ಆ ಹೊತ್ತಿನಲ್ಲಿ ಉಳಿದವರು ತಮ್ಮ ಪಿಸ್ತೂಲನ್ನು ಮುಟ್ಟುವಂತೆಯೂ ಇಲ್ಲ, ಒರೆಸುವ ನೆಪಕ್ಕೂ.

‘ಸ್ಟಾಪ್’ ಎಂದು ಯಾರು ಬೇಕಾದರೂ ಕೂಗಬಹುದು ಎಂಬುದನ್ನು ನಾವು ಹೊಸಬರಿಗೆ ಮತ್ತೆ ಮತ್ತೆ ಹೇಳುತ್ತೇವೆ. ‘ಲೋಡ್’, ‘ಸ್ಟಾರ್ಟ್’ ಎಂಬ ಆಜ್ಞೆಗಳು ಆಫೀಸರಿನ ಬಾಯಿಂದಲೇ ಬರಬೇಕು. ಆದರೆ ಅಪಾಯ ಕಂಡಾಗ ನಿನ್ನೆ ಸೇರಿದವರೂ ಕೂಗಬಹುದು, ಕೂಗಲೇಬೇಕು. ಕೂಗಿದ್ದು ತಪ್ಪಾದರೂ ನಾವು ಬೈಯುವುದಿಲ್ಲ.

ಇನ್ನು ತರಬೇತಿಯ ಮಾತು. ಎಷ್ಟು ದಿನ ಎಂಬುದು ಕ್ಲಬ್ಬಿನಿಂದ ಕ್ಲಬ್ಬಿಗೆ ಬೇರೆ. ನಮ್ಮಲ್ಲಿ ಮೊದಲ ಎರಡು ಭಾನುವಾರ ಪೆಲೆಟ್ ಡಬ್ಬಿ ತೆರೆಯುವುದೇ ಇಲ್ಲ. ಮೊದಲ ದಿನ ನಿಯಮ ಮತ್ತು ಆಜ್ಞೆಗಳು. ಎರಡನೆಯ ದಿನ ಡ್ರೈ ಫೈರಿಂಗ್, ಅಂದರೆ ಪೆಲೆಟ್ ಇಲ್ಲದೆ ಟ್ರಿಗರ್ ಎಳೆಯುವುದು. ಇದನ್ನೂ ಫೈರಿಂಗ್ ಲೈನಿನಲ್ಲಿ ನಿಂತು, ಅನುಮತಿ ಪಡೆದು, ಟಾರ್ಗೆಟ್ಟಿನ ಕಡೆಗೇ ಮಾಡಬೇಕು. ಹಲವರಿಗೆ ಇದು ಬೇಸರ ತರಿಸುತ್ತದೆ. ದುಡ್ಡು ಕಟ್ಟಿದ್ದು ಇದಕ್ಕಾ ಎಂದು ಮುಖ ಸಿಂಡರಿಸುತ್ತಾರೆ. ಆದರೆ ಪಿಸ್ತೂಲಿನ ವಿದ್ಯೆಯೆಲ್ಲ ಇರುವುದು ಇಲ್ಲಿಯೇ. ಯಾಕೆಂದು ಒಂದು ಲೆಕ್ಕ ಹಾಕಿ ತೋರಿಸುತ್ತೇನೆ.

10 ಮೀಟರ್ ಏರ್ ಪಿಸ್ತೂಲ್ ಟಾರ್ಗೆಟ್ಟಿನ ನಟ್ಟನಡುವಿನ ಹತ್ತರ ವೃತ್ತದ ಅಗಲ 11.5 ಮಿಲಿಮೀಟರ್. ಅಂಗಿಯ ಗುಂಡಿಯಷ್ಟು. ಒಂದೇ ಕೈಯಲ್ಲಿ ಪಿಸ್ತೂಲು ಹಿಡಿಯಬೇಕು, ಕೈ ನಡುಗಿಯೇ ನಡುಗುತ್ತದೆ. ಹೊಸಬರು ಈ ನಡುಕಕ್ಕೆ ಹೆದರಿ, ಪಿಸ್ತೂಲು ಗುರಿಯ ಮೇಲೆ ಬಂದ ಕ್ಷಣದಲ್ಲೇ ಟ್ರಿಗರನ್ನು ಪಟ್ಟನೆ ಎಳೆಯುತ್ತಾರೆ. ಈಗ ನೋಡಿ. ಕೈ ಒಟ್ಟಾರೆಯಾಗಿ 5 ಮಿಲಿಮೀಟರ್ ಬಲಕ್ಕೆ ಸರಿದು, ಪಿಸ್ತೂಲು ಮಾತ್ರ ನೆಟ್ಟಗೆ ಮುಂದಕ್ಕೇ ನೋಡುತ್ತಿದೆ ಎಂದಿಟ್ಟುಕೊಳ್ಳಿ. ಟಾರ್ಗೆಟ್ಟಿನಲ್ಲೂ ಪೆಲೆಟ್ 5 ಮಿಲಿಮೀಟರ್ ಅಷ್ಟೇ ಸರಿಯುತ್ತದೆ. ಅದು ಇನ್ನೂ ಹತ್ತೇ. ಆದರೆ ಟ್ರಿಗರ್ ಎಳೆದ ರಭಸಕ್ಕೆ ಮುಂದಿನ ಸೈಟು ಹಿಂದಿನ ಸೈಟಿನ ಸೀಳಿನಲ್ಲಿ ಒಂದೇ ಒಂದು ಮಿಲಿಮೀಟರ್ ಓರೆಯಾದರೆ? ಎರಡು ಸೈಟುಗಳ ನಡುವಿನ ಅಂತರ ಸುಮಾರು 33 ಸೆಂಟಿಮೀಟರ್. ಟಾರ್ಗೆಟ್ಟು ಅದರ ಮೂವತ್ತು ಪಟ್ಟು ದೂರದಲ್ಲಿದೆ. ಇಲ್ಲಿಯ ಒಂದು ಮಿಲಿಮೀಟರ್ ಅಲ್ಲಿ ಮೂವತ್ತಾಗುತ್ತದೆ, ಹತ್ತು ಬರಬೇಕಾದಲ್ಲಿ ಏಳು ಬರುತ್ತದೆ.

ಅಂದರೆ ಕೈಯ ನಡುಕವನ್ನು ಪಿಸ್ತೂಲು ಕ್ಷಮಿಸುತ್ತದೆ, ಬೆರಳಿನ ಅವಸರವನ್ನು ಕ್ಷಮಿಸುವುದಿಲ್ಲ. ಅದಕ್ಕೇ ಕಣ್ಣು ನೆಡಬೇಕಾದದ್ದು ಟಾರ್ಗೆಟ್ಟಿನ ಮೇಲಲ್ಲ, ಮುಂದಿನ ಸೈಟಿನ ಮೇಲೆ. ಟಾರ್ಗೆಟ್ಟಿನ ಕಪ್ಪು ಮಸುಕಾಗಿ ಕಂಡರೆ ನೀವು ಸರಿಯಾಗಿ ನೋಡುತ್ತಿದ್ದೀರಿ. ಡ್ರೈ ಫೈರಿಂಗಿನಲ್ಲಿ ಟ್ರಿಗರ್ ಬಿಟ್ಟ ಕ್ಷಣ ಸೈಟು ಎತ್ತ ಜಿಗಿಯಿತು ಎಂಬುದು ಬೆತ್ತಲೆಯಾಗಿ ಕಾಣುತ್ತದೆ. ಪೆಲೆಟ್ ಇದ್ದರೆ ಗಮನವೆಲ್ಲ ‘ಎಲ್ಲಿ ಬಿತ್ತು’ ಎಂಬುದರ ಕಡೆಗೆ ಓಡುತ್ತದೆ. ಬಲಗೈಯವರ ಪೆಲೆಟ್ಟುಗಳು ಮತ್ತೆ ಮತ್ತೆ ಕೆಳ ಎಡಮೂಲೆಗೆ ಬೀಳುತ್ತಿದ್ದರೆ ಟ್ರಿಗರನ್ನು ಜಗ್ಗುತ್ತಿದ್ದಾರೆಂದು ನಾವು ಮೊದಲು ಸಂಶಯಪಡುತ್ತೇವೆ. ಆಗ ಸೈಟಿನ ತಿರುಪು ಮುಟ್ಟಲು ಬಿಡುವುದಿಲ್ಲ, ಮತ್ತೆ ಡ್ರೈ ಫೈರಿಂಗಿಗೆ ಕಳುಹಿಸುತ್ತೇವೆ. ಸ್ಪರ್ಧೆಯಲ್ಲಿ 60 ಗುಂಡಿಗೆ ಎಲೆಕ್ಟ್ರಾನಿಕ್ ಟಾರ್ಗೆಟ್ಟಿನ ಮೇಲೆ 75 ನಿಮಿಷ ಸಮಯವಿದೆ. ಕೈ ಸೋತರೆ, ಸೈಟು ಕದಲಿದರೆ, ಹೊಡೆಯದೆ ಕೈ ಇಳಿಸಲು ಬೇಕಾದಷ್ಟು ಬಿಡುವಿದೆ.

ಪಿಸ್ತೂಲು ಕೊಳ್ಳಬೇಕೇ ಎಂದು ಕೇಳಿದ್ದರಲ್ಲ. ಕೆಲವು ತಿಂಗಳು ಬೇಡ. ಸ್ಪರ್ಧೆಗೆ ಬಳಸುವ ಪಿಸ್ತೂಲಿಗೆ ಲಕ್ಷದ ಮೇಲೆ ಬೆಲೆ, ಮರದ ಹಿಡಿಯೋ ಕೈಯ ಅಳತೆಗೆ ಕೂರಬೇಕು. ಕ್ಲಬ್ಬಿನದನ್ನೇ ಹಿಡಿದು ನಿಮ್ಮ ಕೈಗೆ ಯಾವುದು ಒಗ್ಗುತ್ತದೆ ಎಂದು ತಿಳಿದ ಮೇಲೆ ಕೊಳ್ಳಿ ಎಂದು ಬರೆದೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 4.5 ಮಿಲಿಮೀಟರ್ ಮೀರದ, 20 ಜೌಲ್ ಶಕ್ತಿ ದಾಟದ ಏರ್ ಗನ್ನಿಗೆ ಲೈಸೆನ್ಸ್ ಬೇಕಿಲ್ಲ. ಸ್ಪರ್ಧೆಯ ಏರ್ ಪಿಸ್ತೂಲಿನ ಶಕ್ತಿ ಅದಕ್ಕಿಂತ ಬಹಳ ಕಡಿಮೆ. ಪಾಯಿಂಟ್ ಟೂಟೂ ರೈಫಲ್ಲಿಗೆ ಹೋದರೆ ಮಾತ್ರ ಲೈಸೆನ್ಸಿನ ಪ್ರಶ್ನೆ ಎದುರಾಗುತ್ತದೆ. ಕೊಡಗಿನ ಮನೆತನಗಳಿಗೆ ಕೋವಿಯ ವಿಷಯದಲ್ಲಿರುವ ವಿನಾಯಿತಿ ಬೇರೆಯದೇ ಸಂಗತಿ, ಅದನ್ನು ಇಲ್ಲಿ ಬೆರೆಸಬಾರದು.

ಪಿಸ್ತೂಲು ಕೊಂಡವರು ಮರೆಯುವ ಒಂದು ಮಾತಿದೆ. ಅದರ ಗಾಳಿಯ ಸಿಲಿಂಡರನ್ನು 200 ಬಾರ್ ಒತ್ತಡಕ್ಕೆ ತುಂಬಿರುತ್ತಾರೆ, ಕಾರಿನ ಟಯರಿನ ನೂರು ಪಟ್ಟು ಹತ್ತಿರ. ಅದರ ಮೇಲೆ ಅವಧಿಯ ದಿನಾಂಕ ಅಚ್ಚಾಗಿರುತ್ತದೆ. ಅವಧಿ ದಾಟಿದ ಸಿಲಿಂಡರನ್ನು ಕಣ್ಣಿಗೆ ಚೆನ್ನಾಗಿ ಕಂಡಿತೆಂದು ತುಂಬಿಸಬಾರದು. ಇನ್ನು ಪೆಲೆಟ್ ಸೀಸದ್ದು. ಹೊಡೆದಾದ ಮೇಲೆ ಸೋಪು ಹಾಕಿ ಕೈ ತೊಳೆಯದೆ ತಿಂಡಿ ಮುಟ್ಟಬಾರದು. ಬೆಳಗಿನ ಉಪ್ಪಿಟ್ಟಿನ ಡಬ್ಬಿಯನ್ನು ಫೈರಿಂಗ್ ಮೇಜಿನ ಮೇಲೆ ತೆರೆಯುವವರನ್ನು ನಾನು ಎದ್ದು ಹೊರಗೆ ಕಳುಹಿಸುತ್ತೇನೆ.

ನಿಯಮಗಳ ಪ್ರತಿಯನ್ನು ಉತ್ತರದ ಜೊತೆಗೇ ಲಗತ್ತಿಸಿದೆ. ಒಂದು ಹಾಳೆ, ಎರಡು ಬದಿ. ಅದನ್ನು ಓದಿ ಸಹಿ ಹಾಕಿ ತರಬೇಕೆಂದು ಬರೆದೆ.

ಈ ಲೇಖನ ಓದುವವರಲ್ಲಿ ಯಾರಾದರೂ ಇಂಥ ಕ್ಲಬ್ಬಿಗೆ ಪತ್ರ ಬರೆಯುವವರಿದ್ದರೆ, ಮಕ್ಕಳನ್ನು ಸೇರಿಸುವವರಿದ್ದರೆ, ಇನ್ನೊಂದು ಪ್ರಶ್ನೆಯನ್ನೂ ಸೇರಿಸಿ: ‘ನಾವು ಗುಂಡು ಹೊಡೆಯುವಾಗ ಲೈನಿನ ಹಿಂದೆ ಯಾರು ನಿಂತಿರುತ್ತಾರೆ?’ ಅವರು ಒಬ್ಬರ ಹೆಸರು ಹೇಳಲಿ. ಹೆಸರು ಬಾರದಿದ್ದರೆ, ‘ಎಲ್ಲರೂ ಜವಾಬ್ದಾರಿಯಿಂದಲೇ ಇರುತ್ತಾರೆ’ ಎಂಬ ಉತ್ತರ ಬಂದರೆ, ಆ ರೇಂಜಿಗೆ ಹೋಗಬೇಡಿ.